ಆಕರದ ವಿಶ್ವಾಸಾರ್ಹತೆಯನ್ನು ಅಳೆಯುವ ಬಗೆ: ಕಿಲ್ಲಾರಿ ಭೂಕಂಪದ ಉದಾಹರಣೆ

ಉಮರ್ಗಾ, ನಿಲಂಗಾ ಮತ್ತು ಉದಗೀರ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಭೂಗೋಳದ ಪಾಠ ಭೂಕಂಪಕ್ಕೆ ಬಂದಾಗ, ವಿದ್ಯಾರ್ಥಿಗಳಿಗೆ ಅದು ಪುಸ್ತಕದ ವಿಷಯವಾಗಿ ಮಾತ್ರ ಉಳಿಯುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರ ಮತ್ತು ಸುತ್ತಲಿನ ಹಳ್ಳಿಗಳು ನೆಲಸಮವಾದ ಸಂಗತಿಯನ್ನು ಅವರು ಮನೆಯ ಹಿರಿಯರಿಂದ ಕೇಳಿ ಬೆಳೆದಿರುತ್ತಾರೆ. ಆದುದರಿಂದಲೇ ಅವರ ಪ್ರಶ್ನೆಗಳು ನೇರವಾಗಿರುತ್ತವೆ. ಭೂಕಂಪ ಏಕೆ ಆಯಿತು? ಎಷ್ಟು ಜನ ಸತ್ತರು? ಮಾಕಣಿಯ ಅಣೆಕಟ್ಟಿನಿಂದಲೇ ಆಯಿತೆಂದು ಹೇಳುವುದು ನಿಜವೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಹೊರಟ ಶಿಕ್ಷಕರಿಗೆ ಒಂದಕ್ಕೊಂದು ಹೊಂದದ ಹಲವು ಬರಹಗಳು ದೊರೆಯುತ್ತವೆ. ಅವುಗಳಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ನಿರ್ಣಯಿಸುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಅಣೆಕಟ್ಟಿನ ಪ್ರಶ್ನೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಪರಿಶೀಲಿಸೋಣ.

ಮೊದಲು ಹೇಳಿಕೆಯನ್ನು ಬಿಡಿಸಿಕೊಳ್ಳುವುದು

ಆಕರವನ್ನು ಅಳೆಯುವ ಮೊದಲು, ಅದು ಯಾವ ಬಗೆಯ ಹೇಳಿಕೆಗೆ ಆಧಾರವಾಗಬೇಕಾಗಿದೆ ಎಂಬುದನ್ನು ತಿಳಿದುಕೊಳ್ಳಬೇಕು. ಕಿಲ್ಲಾರಿಯ ಕುರಿತ ಹೇಳಿಕೆಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಕಂಡದ್ದನ್ನು ಹೇಳುವವು ಮೊದಲನೆಯವು: ಗೋಡೆ ಯಾವ ಕಡೆಗೆ ಬಿತ್ತು, ಯಾವ ಸದ್ದು ಕೇಳಿಸಿತು ಎಂಬಂಥವು. ಎಣಿಸಿದ್ದನ್ನು ಅಥವಾ ಅಳೆದದ್ದನ್ನು ಹೇಳುವವು ಎರಡನೆಯವು: ಮೃತರ ಸಂಖ್ಯೆ, ಕಂಪನದ ಪ್ರಮಾಣ. ಕಾರಣವನ್ನು ಹೇಳುವವು ಮೂರನೆಯವು. ಅಂದು ಅವಶೇಷಗಳ ಕೆಳಗಿನಿಂದ ಪಾರಾಗಿ ಬಂದ ಅಜ್ಜಿಯೊಬ್ಬರ ಮಾತು ಮೊದಲ ಬಗೆಗೆ ಯಾವ ವಿಜ್ಞಾನಿಯ ಮಾತಿಗಿಂತಲೂ ಹೆಚ್ಚಿನ ಆಧಾರ. ಆದರೆ ನೆಲದಾಳದಲ್ಲಿ ಶಿಲೆ ಏಕೆ ಜಾರಿತು ಎಂಬುದನ್ನು ಅವರು ಕಂಡಿರಲಾರರು. ಅಂತೆಯೇ ಭೂವಿಜ್ಞಾನಿಯ ಮಾತು ಮೂರನೆಯ ಬಗೆಗೆ ಆಧಾರವಾದೀತೇ ಹೊರತು, ಸಾಸ್ತೂರಿನ ಒಂದು ಓಣಿಯಲ್ಲಿ ಆ ರಾತ್ರಿ ಏನು ನಡೆಯಿತು ಎಂಬುದಕ್ಕಲ್ಲ. ಒಂದೇ ಆಕರ ಒಂದು ಪ್ರಶ್ನೆಗೆ ಪ್ರಬಲವಾಗಿಯೂ ಇನ್ನೊಂದಕ್ಕೆ ದುರ್ಬಲವಾಗಿಯೂ ಇರಬಹುದು. ವಿದ್ಯಾರ್ಥಿಗಳು ಮನೆಯಿಂದ ತರುವ ಮಾತನ್ನು ‘ಇದು ಬರಿಯ ಕೇಳಿಕೆ’ ಎಂದು ತಳ್ಳಿಹಾಕದೆ, ಅದು ಯಾವುದಕ್ಕೆ ಸಾಕ್ಷಿ ಎಂದು ಕೇಳುವುದು ಯೋಗ್ಯ.

ಎರಡು ಆಕರಗಳು ಬೇರೆಬೇರೆ ಮಾತನ್ನು ಹೇಳಿದಾಗ ಅವುಗಳಲ್ಲಿ ಒಂದು ತಪ್ಪಾಗಿರಲೇಬೇಕೆಂದು ಭಾವಿಸುವುದೂ ಸರಿಯಲ್ಲ. ಕೆಲವು ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ಈ ಭೂಕಂಪದ ದಿನಾಂಕ ಸೆಪ್ಟೆಂಬರ್ 29 ಎಂದಿದೆ. ನಮ್ಮಲ್ಲಿ ನಸುಕಿನ 3 ಗಂಟೆ 56 ನಿಮಿಷವಾಗಿದ್ದಾಗ, ಅಂತಹ ಪಟ್ಟಿಗಳು ಅನುಸರಿಸುವ ಜಾಗತಿಕ ಪ್ರಮಾಣ ಕಾಲ ಐದೂವರೆ ಗಂಟೆ ಹಿಂದಿದ್ದು, ಹಿಂದಿನ ದಿನದ ರಾತ್ರಿಯಾಗಿತ್ತು. ಪ್ರಮಾಣವನ್ನು ಒಂದೆಡೆ 6.2, ಮತ್ತೊಂದೆಡೆ 6.4 ಎಂದು ಕಾಣುತ್ತೇವೆ. ಭೂಕಂಪದ ಪ್ರಮಾಣವನ್ನು ಅಳೆಯಲು ಒಂದಕ್ಕಿಂತ ಹೆಚ್ಚು ಮಾಪಕಗಳಿರುವುದೇ ಇದಕ್ಕೆ ಕಾರಣ. ಮೃತರ ಸಂಖ್ಯೆಯ ವಿಷಯ ಹಾಗಲ್ಲ. ಪುನರ್ವಸತಿಗೆ ಸಂಬಂಧಿಸಿದ ಬರಹಗಳಲ್ಲಿ 7,928 ಎಂಬ ಸಂಖ್ಯೆಯೂ, ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ದಾಖಲೆಯಲ್ಲಿ ಕನಿಷ್ಠ 9,748 ಎಂಬ ಸಂಖ್ಯೆಯೂ ಕಾಣುತ್ತವೆ. ಇಲ್ಲಿ ಎಣಿಸಿದವರು ಯಾರು, ಎಂದು ಎಣಿಸಿದರು, ಯಾವ ಪ್ರದೇಶವನ್ನು ಸೇರಿಸಿದರು ಎಂದು ಕೇಳದೆ ಒಂದನ್ನು ಆರಿಸಿಕೊಳ್ಳುವಂತಿಲ್ಲ. ಉತ್ತರ ಸಿಗದಿದ್ದಲ್ಲಿ ಎರಡನ್ನೂ ಅವುಗಳ ಮೂಲದ ಹೆಸರಿನೊಡನೆ ಬರೆಯಿಸಬೇಕು.

ಬರೆದವರು ಯಾರು?

ಈಗ ಅಣೆಕಟ್ಟಿನ ಪ್ರಶ್ನೆಗೆ ಬರೋಣ. ತೇರಣಾ ನದಿಗೆ ಮಾಕಣಿಯ ಬಳಿ ಕಟ್ಟಿದ ಕೆಳ ತೇರಣಾ ಜಲಾಶಯವು ಭೂಕಂಪದ ಕೇಂದ್ರಕ್ಕೆ ಸಮೀಪದಲ್ಲಿದೆ. ಜಲಾಶಯಗಳು ಭೂಕಂಪವನ್ನು ಪ್ರಚೋದಿಸಬಲ್ಲವು ಎಂಬುದು ಬರಿಯ ಊಹೆಯಲ್ಲ. ನಿಂತ ನೀರಿನ ಭಾರದಿಂದಲೂ, ಬಿರುಕುಗಳಲ್ಲಿ ಇಳಿದ ನೀರಿನ ಒತ್ತಡದಿಂದಲೂ, ಮೊದಲೇ ಬಿಗಿದುಕೊಂಡಿದ್ದ ಶಿಲಾಭಾಗ ಜಾರಬಹುದು. 1967ರ ಡಿಸೆಂಬರ್ 11ರಂದು ನಮ್ಮ ರಾಜ್ಯದ ಕೊಯ್ನಾದಲ್ಲಿ ಆದ ಭೂಕಂಪ ಇದಕ್ಕೆ ಜಗತ್ತಿನಲ್ಲಿಯೇ ಅತ್ಯಂತ ಪ್ರಸಿದ್ಧ ನಿದರ್ಶನ. ಆದುದರಿಂದ ಕಿಲ್ಲಾರಿಯ ಬಗ್ಗೆಯೂ ಅದೇ ಸಂದೇಹ ಮೂಡಿದುದು ಸಹಜ.

‘ಅಣೆಕಟ್ಟಿನಿಂದಲೇ ಭೂಕಂಪವಾಯಿತೆಂದು ವಿಜ್ಞಾನಿಗಳು ಸಿದ್ಧಪಡಿಸಿದ್ದಾರೆ’ ಎಂಬ ವಾಕ್ಯ ಒಂದು ಬರಹದಲ್ಲಿ ಕಂಡಿತೆನ್ನೋಣ. ಮೊದಲು ನೋಡಬೇಕಾದುದು ಕರ್ತೃವನ್ನು. ಯಾವ ವಿಜ್ಞಾನಿಗಳು? ಅವರ ಹೆಸರೇನು? ಯಾವ ಸಂಸ್ಥೆಯವರು? ಅವರು ಈ ವಿಷಯದಲ್ಲಿಯೇ ಕೆಲಸ ಮಾಡಿದವರೇ? ಹೆಸರಿಲ್ಲದ ‘ವಿಜ್ಞಾನಿಗಳು’ ಎಂಬ ಪದಕ್ಕೆ ಯಾವ ಭಾರವೂ ಇಲ್ಲ, ಏಕೆಂದರೆ ಅದನ್ನು ಹಿಂಬಾಲಿಸಿ ಹೋಗಿ ಪರೀಕ್ಷಿಸಲು ಬರುವುದಿಲ್ಲ.

ಹುಡುಕಿದರೆ ಹೆಸರುಗಳು ಸಿಗುತ್ತವೆ. 1996ರಲ್ಲಿ ಅಮೆರಿಕದ ಲಿಯೊನಾರ್ಡೊ ಸೀಬರ್ ಮತ್ತು ಅವರ ಸಹಲೇಖಕರು ಕಿಲ್ಲಾರಿ ಭೂಕಂಪದ ಮೇಲೆ ಒಂದು ದೀರ್ಘ ಪ್ರಬಂಧವನ್ನು ಪ್ರಕಟಿಸಿದರು. ಭಾರತದ ಸುಧೀರ್ ಜೈನ್ ಮತ್ತು ಸಿ.ವಿ.ಆರ್. ಮೂರ್ತಿ ಅವರೂ ಅದರ ಕರ್ತೃಗಳಲ್ಲಿದ್ದರು. ಅದರಲ್ಲಿ ಜಲಾಶಯವು ಭೂಕಂಪವನ್ನು ಪ್ರಚೋದಿಸಿರಬಹುದೆಂಬ ಸಾಧ್ಯತೆಯನ್ನು ಮುಂದಿಡಲಾಗಿದೆ. ಅದಕ್ಕೂ ಎರಡು ವರ್ಷ ಮೊದಲು, 1994ರಲ್ಲಿ, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನ ಸಂಸ್ಥೆಯ ಬಿ.ಕೆ. ರಸ್ತೋಗಿ ಅವರು ಇದಕ್ಕೆ ವಿರುದ್ಧವಾದ ನಿಲುವಿನ ಲೇಖನವನ್ನು ಬರೆದಿದ್ದರು. ಲಾತೂರ್ ಭೂಕಂಪ ಪ್ರಚೋದಿತವಲ್ಲ ಎಂಬುದನ್ನು ಅದರ ಶೀರ್ಷಿಕೆಯೇ ಹೇಳುತ್ತದೆ.

ಇಬ್ಬರೂ ಈ ಕ್ಷೇತ್ರದವರೇ. ಆದುದರಿಂದ ಕರ್ತೃತ್ವದ ಪರೀಕ್ಷೆಯಲ್ಲಿ ಇಬ್ಬರೂ ಉತ್ತೀರ್ಣರಾಗುತ್ತಾರೆ. ಸೋತದ್ದು ಹೆಸರಿಲ್ಲದ ‘ವಿಜ್ಞಾನಿಗಳು’ ಮಾತ್ರ. ಕರ್ತೃವನ್ನು ನೋಡುವುದರಿಂದ ಸತ್ಯ ಯಾರ ಕಡೆಗಿದೆ ಎಂಬುದು ತಿಳಿಯದು. ಯಾರ ಮಾತನ್ನು ಮುಂದಿನ ಪರೀಕ್ಷೆಗೆ ಒಯ್ಯಬಹುದು ಎಂಬುದಷ್ಟೇ ತಿಳಿಯುತ್ತದೆ. ಇನ್ನೊಂದು ಎಚ್ಚರವೂ ಬೇಕು. ಪದವಿ ದೊಡ್ಡದಾದ ಮಾತ್ರಕ್ಕೆ ಎಲ್ಲ ವಿಷಯಗಳಲ್ಲಿಯೂ ಅಧಿಕಾರ ಬರುವುದಿಲ್ಲ. ಕಟ್ಟಡ ರಚನೆಯ ತಜ್ಞರು ಮನೆಗಳು ಏಕೆ ಬಿದ್ದವು ಎಂದು ಹೇಳಿದರೆ ಅದಕ್ಕೆ ತೂಕವಿದೆ. ಅವರೇ ಮುಂದಿನ ಭೂಕಂಪದ ದಿನವನ್ನು ಹೇಳಹೊರಟರೆ ಆ ತೂಕ ಅಲ್ಲಿಗೆ ಬರುವುದಿಲ್ಲ.

ಎಲ್ಲಿ ಪ್ರಕಟವಾಯಿತು, ಯಾರು ಪರಿಶೀಲಿಸಿದರು?

ಸೀಬರ್ ಮತ್ತು ಸಂಗಡಿಗರ ಪ್ರಬಂಧ ಪ್ರಕಟವಾದುದು ಅಮೆರಿಕದ ಭೂಭೌತ ಒಕ್ಕೂಟವು ಹೊರತರುವ ‘ಜರ್ನಲ್ ಆಫ್ ಜಿಯೊಫಿಸಿಕಲ್ ರಿಸರ್ಚ್’ ಎಂಬ ಪತ್ರಿಕೆಯಲ್ಲಿ. ರಸ್ತೋಗಿಯವರ ಲೇಖನ ಪ್ರಕಟವಾದುದು ಬೆಂಗಳೂರಿನ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಸಂಸ್ಥೆಯು ಲಾತೂರ್ ಭೂಕಂಪಕ್ಕೆಂದೇ ಮೀಸಲಿರಿಸಿ, ಹರ್ಷ ಗುಪ್ತ ಅವರ ಸಂಪಾದಕತ್ವದಲ್ಲಿ ಹೊರತಂದ 35ನೆಯ ಮೆಮೊಯರ್ ಸಂಪುಟದಲ್ಲಿ. ಎರಡೂ ಮಾನ್ಯವಾದ ಸ್ಥಳಗಳೇ, ಆದರೆ ಒಂದೇ ಬಗೆಯವಲ್ಲ. ನಿಯತಕಾಲಿಕ ಸಂಶೋಧನ ಪತ್ರಿಕೆಯಲ್ಲಿ ಬಿಡಿಬಿಡಿ ಲೇಖಕರು ತಾವಾಗಿಯೇ ಪ್ರಬಂಧ ಕಳುಹಿಸುತ್ತಾರೆ. ಒಂದು ವಿಷಯಕ್ಕೆ ಮೀಸಲಾದ ಸಂಪುಟದಲ್ಲಿ ಲೇಖನಗಳನ್ನು ಒಟ್ಟುಗೂಡಿಸುವ ಕೆಲಸ ಮುಖ್ಯವಾಗಿ ಸಂಪಾದಕರದು. ಅಂತಹ ಸಂಪುಟ ಬೇಗನೆ ಹೊರಬಂದು ತತ್ಕಾಲದ ಮಾಹಿತಿಯನ್ನು ಉಳಿಸಿಕೊಡುತ್ತದೆ. ಅದೇ ವೇಗದ ಕಾರಣ, ನಂತರ ಬಂದ ಮಾಹಿತಿ ಅದರಲ್ಲಿ ಇರಲಾರದು.

ತಜ್ಞ ಪರಿಶೀಲನೆ ಎಂಬುದು ಏನೆಂದು ವಿದ್ಯಾರ್ಥಿಗಳಿಗೆ ವಿವರಿಸುವಾಗ, ಉತ್ತರಪತ್ರಿಕೆಯ ಮೌಲ್ಯಮಾಪನಕ್ಕೆ ಅದನ್ನು ಹೋಲಿಸಬಾರದು. ಮೌಲ್ಯಮಾಪಕನ ಕೈಯಲ್ಲಿ ಸರಿಯುತ್ತರ ಮೊದಲೇ ಇರುತ್ತದೆ. ಸಂಶೋಧನೆಯಲ್ಲಿ ಅದು ಯಾರ ಕೈಯಲ್ಲಿಯೂ ಇರುವುದಿಲ್ಲ. ಸಂಪಾದಕರು ಪ್ರಬಂಧವನ್ನು ಅದೇ ವಿಷಯದ ಇಬ್ಬರು ಮೂವರು ತಜ್ಞರಿಗೆ ಕಳುಹಿಸುತ್ತಾರೆ. ಅವರ ಹೆಸರು ಸಾಮಾನ್ಯವಾಗಿ ಲೇಖಕರಿಗೆ ತಿಳಿಯುವುದಿಲ್ಲ. ಮಾಹಿತಿಯನ್ನು ಸಂಗ್ರಹಿಸಿದ ಕ್ರಮ ಸರಿಯೇ, ಮಾಹಿತಿಯಿಂದ ನಿರ್ಣಯಕ್ಕೆ ಹೋದ ದಾರಿ ನೇರವಾಗಿದೆಯೇ, ಹಿಂದಿನವರ ಕೆಲಸವನ್ನು ಕಡೆಗಣಿಸಲಾಗಿದೆಯೇ ಎಂಬುದನ್ನು ಅವರು ನೋಡುತ್ತಾರೆ. ಸಂದೇಹವಿದ್ದಲ್ಲಿ ತಿದ್ದಲು ಹೇಳುತ್ತಾರೆ ಅಥವಾ ಪ್ರಕಟಿಸಬಾರದೆಂದು ಸೂಚಿಸುತ್ತಾರೆ. ಆದರೆ ಅವರು ಸ್ವತಃ ಕಿಲ್ಲಾರಿಗೆ ಬಂದು ಕಂದಕ ತೋಡಿ ನೋಡುವುದಿಲ್ಲ. ಆದುದರಿಂದ ತಜ್ಞ ಪರಿಶೀಲನೆಯಾಗಿದೆ ಎಂದರೆ ‘ಈ ವಾದ ಚರ್ಚೆಗೆ ಯೋಗ್ಯವಾಗಿದೆ’ ಎಂದರ್ಥ. ‘ಈ ವಾದ ಸತ್ಯ’ ಎಂದಲ್ಲ.

ಪರಿಶೀಲನೆಗೆ ಒಳಪಟ್ಟ ಬರಹಗಳೇ ಒಂದಕ್ಕೊಂದು ಒಪ್ಪದಿರಬಹುದು ಎಂಬುದಕ್ಕೂ ಕಿಲ್ಲಾರಿಯೇ ನಿದರ್ಶನ. ಸೀಬರ್ ತಂಡದ ಪ್ರಬಂಧದ ಶೀರ್ಷಿಕೆಯು, ಇದು ಹೊಸದಾಗಿ ಉಂಟಾದ ಸ್ತರಭಂಗವೇ ಎಂದು ಕೇಳುತ್ತದೆ. ಅದೇ 1996ರಲ್ಲಿ ‘ಜಿಯಾಲಜಿ’ ಪತ್ರಿಕೆಯಲ್ಲಿ ಸಿ.ಪಿ. ರಾಜೇಂದ್ರನ್, ಕುಸಲಾ ರಾಜೇಂದ್ರನ್ ಮತ್ತು ಬಿಜು ಜಾನ್ ಅವರು, ಇದು ಅತಿ ಪುರಾತನ ಶಿಲೆಯಲ್ಲಿದ್ದ ಹಳೆಯ ಸ್ತರಭಂಗವೇ ಮತ್ತೆ ಚಲಿಸಿದುದರ ಉದಾಹರಣೆ ಎಂದು ಪ್ರತಿಪಾದಿಸಿದರು. ಇಂತಹ ಸಂದರ್ಭದಲ್ಲಿ ‘ವಿಜ್ಞಾನಿಗಳಿಗೂ ಏನೂ ಗೊತ್ತಿಲ್ಲ’ ಎಂಬ ತೀರ್ಮಾನಕ್ಕೆ ವಿದ್ಯಾರ್ಥಿಗಳು ಜಿಗಿಯುವ ಸಂಭವವಿದೆ. ಅವರ ಗಮನವನ್ನು ಭಿನ್ನಾಭಿಪ್ರಾಯದ ಸುತ್ತಳತೆಯ ಕಡೆಗೆ ತಿರುಗಿಸಬೇಕು. ಶಿಲೆಯಲ್ಲಿ ಸ್ತರಭಂಗವೊಂದು ಜಾರಿದುದರಿಂದ ಭೂಕಂಪವಾಯಿತು ಎಂಬುದರಲ್ಲಿ ಇವರಾರಿಗೂ ಭೇದವಿಲ್ಲ. ಆ ಸ್ತರಭಂಗ ಹಳೆಯದೋ ಹೊಸದೋ, ಅದು ಜಾರಲು ನೀರು ನೆವವಾಯಿತೋ ಇಲ್ಲವೋ ಎಂಬಲ್ಲಿ ಮಾತ್ರ ಭೇದ.

ಪ್ರಕಟಣೆಯ ಸ್ಥಳವನ್ನು ಅಳೆಯುವಾಗ ಹೊರಗುರುತುಗಳಿಂದ ಮೋಸಹೋಗಬಾರದು. ಪತ್ರಿಕೆಯ ಮುಖಪುಟದಲ್ಲಿ ಐಎಸ್‌ಎಸ್‌ಎನ್ ಸಂಖ್ಯೆ ಇದೆಯೆಂದರೆ ಅದು ನಿಯತಕಾಲಿಕವೆಂದು ನೋಂದಾಯಿತವಾಗಿದೆ ಎಂದಷ್ಟೇ. ಗುಣಮಟ್ಟಕ್ಕೆ ಅದು ಮುದ್ರೆಯಲ್ಲ. ‘ಅಂತರರಾಷ್ಟ್ರೀಯ’ ಎಂಬ ಹೆಸರೂ ಹಾಗೆಯೇ. ಲೇಖಕರಿಂದ ಹಣ ಪಡೆದು ಪರಿಶೀಲನೆಯಿಲ್ಲದೆ ಅಚ್ಚುಹಾಕುವ ಪತ್ರಿಕೆಗಳೂ ಇವೆ. ಸಂಪಾದಕ ಮಂಡಳಿಯ ಸದಸ್ಯರು ನಿಜವಾಗಿ ಆ ವಿಷಯದವರೇ, ಪ್ರಬಂಧ ತಲಪಿದ ದಿನಕ್ಕೂ ಅಂಗೀಕಾರವಾದ ದಿನಕ್ಕೂ ಪರಿಶೀಲನೆಗೆ ಸಾಕಾಗುವಷ್ಟು ಅಂತರವಿದೆಯೇ, ಮುಂದೆ ಬಂದ ವಿದ್ವಾಂಸರು ಆ ಪ್ರಬಂಧವನ್ನು ಚರ್ಚಿಸಿದ್ದಾರೆಯೇ ಎಂಬುದನ್ನು ನೋಡಬೇಕು. ಅನೇಕ ಪತ್ರಿಕೆಗಳು ಈ ಎರಡು ದಿನಾಂಕಗಳನ್ನು ಪ್ರಬಂಧದ ಮೊದಲ ಅಥವಾ ಕೊನೆಯ ಪುಟದಲ್ಲಿಯೇ ಮುದ್ರಿಸುತ್ತವೆ.

ಒಲವಿನ ಗುರುತುಗಳು

ಪಕ್ಷಪಾತವನ್ನು ಪತ್ತೆಹಚ್ಚುವ ಕೆಲಸವನ್ನು ಬಹಳಷ್ಟು ಮಂದಿ ‘ಇವನು ಯಾರ ಕಡೆಯವನು’ ಎಂಬ ಒಂದೇ ಪ್ರಶ್ನೆಯಲ್ಲಿ ಮುಗಿಸಿಬಿಡುತ್ತಾರೆ. ಅದು ಸಾಲದು. ರಸ್ತೋಗಿಯವರದು ಸರ್ಕಾರಿ ಸಂಶೋಧನ ಸಂಸ್ಥೆ, ಅಣೆಕಟ್ಟೂ ಸರ್ಕಾರದ್ದೇ, ಆದುದರಿಂದ ಅವರು ಅಣೆಕಟ್ಟನ್ನು ಬಿಟ್ಟುಕೊಡಲಾರರು ಎಂದು ಯಾರಾದರೂ ವಾದಿಸಬಹುದು. ಆ ಸಂದೇಹವನ್ನು ಎತ್ತುವುದರಲ್ಲಿ ತಪ್ಪಿಲ್ಲ. ಅದನ್ನು ಪರೀಕ್ಷಿಸದೆ ಬಿಡುವುದು ತಪ್ಪು.

ಪರೀಕ್ಷಿಸುವ ದಾರಿ ಹೀಗಿದೆ. ಅದೇ ಕರ್ತೃಗಳು ಅದೇ ವಿಷಯದಲ್ಲಿ ಬೇರೆಡೆ ಏನು ಬರೆದಿದ್ದಾರೆ ಎಂದು ನೋಡಬೇಕು. ಹರ್ಷ ಗುಪ್ತ ಮತ್ತು ಬಿ.ಕೆ. ರಸ್ತೋಗಿ ಇಬ್ಬರೂ ಸೇರಿ 1976ರಲ್ಲಿಯೇ ಅಣೆಕಟ್ಟುಗಳು ಮತ್ತು ಭೂಕಂಪಗಳ ಸಂಬಂಧದ ಮೇಲೆ ಒಂದು ಗ್ರಂಥವನ್ನು ಪ್ರಕಟಿಸಿದ್ದರು. ಕೊಯ್ನಾ ಭೂಕಂಪಕ್ಕೆ ಜಲಾಶಯವೇ ಕಾರಣವೆಂಬುದನ್ನು ಜಗತ್ತಿಗೆ ತಿಳಿಯಪಡಿಸಿದವರಲ್ಲಿ ಗುಪ್ತ ಅವರು ಪ್ರಮುಖರು. ಕೊಯ್ನಾ ಅಣೆಕಟ್ಟೂ ಸರ್ಕಾರದ್ದೇ ಆಗಿತ್ತು. ಅಲ್ಲಿ ಹೌದೆಂದವರು ಇಲ್ಲಿ ಅಲ್ಲವೆಂದರೆ, ಸರ್ಕಾರದ ಮೇಲಿನ ಒಲವಿನಿಂದ ಹಾಗೆಂದರು ಎಂಬ ಆರೋಪ ಬಹುಮಟ್ಟಿಗೆ ಬಲ ಕಳೆದುಕೊಳ್ಳುತ್ತದೆ.

ಹಾಗೆಂದು ಪರೀಕ್ಷೆ ಅಲ್ಲಿಗೇ ಮುಗಿಯುವುದಿಲ್ಲ. ಹಣ ಮತ್ತು ಹುದ್ದೆಯ ಒಲವಲ್ಲದೆ, ವಿದ್ಯೆಯ ಒಲವೂ ಒಂದಿದೆ. ಕೊಯ್ನಾದಂತಹ ಎತ್ತರದ ಅಣೆಕಟ್ಟನ್ನೂ, ವರ್ಷವರ್ಷವೂ ನೀರಿನ ಮಟ್ಟದ ಏರಿಳಿತದೊಡನೆ ಮರುಕಳಿಸುವ ಕಂಪನಗಳನ್ನೂ ಅಭ್ಯಸಿಸಿದವರು ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಕಡಿಮೆ ಆಳದ ಜಲಾಶಯವನ್ನು ಆ ಅಳತೆಗೋಲಿನಿಂದ ಅಳೆದರೆ ಅದು ಹೊರಗುಳಿಯುತ್ತದೆ. ಇನ್ನೊಂದು ಕಡೆ, ಸ್ಥಿರವೆಂದು ತಿಳಿದಿದ್ದ ಭೂಭಾಗದಲ್ಲಿ ಭೂಕಂಪವಾದಾಗ ಅಸಾಮಾನ್ಯ ಕಾರಣವನ್ನು ಹುಡುಕುವ ಒಲವು ಉಂಟಾಗಬಹುದು. 1992ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕಿಲ್ಲಾರಿಯ ಸುತ್ತ ಸಣ್ಣ ಕಂಪನಗಳು ಆಗಿದ್ದವು ಎಂಬುದು ಎಲ್ಲರೂ ಒಪ್ಪಿದ ಸಂಗತಿ. ಅದನ್ನು ಒಬ್ಬರು ನೀರಿನ ಕೆಲಸದ ಸೂಚನೆಯೆಂದು ಓದಬಹುದು, ಇನ್ನೊಬ್ಬರು ದೊಡ್ಡ ಕಂಪನದ ಪೂರ್ವಸೂಚನೆ ಮಾತ್ರವೆಂದು ಓದಬಹುದು.

ಆದುದರಿಂದ ಒಲವನ್ನು ಅಳೆಯುವ ಉತ್ತಮ ಗುರುತು ಬರಹದೊಳಗೇ ಇರುತ್ತದೆ. ತನ್ನ ವಾದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ಲೇಖಕರು ಹೆಸರಿಸಿ ಎದುರಿಸಿದ್ದಾರೆಯೇ? ಸಾಕ್ಷ್ಯ ಎಷ್ಟಿದೆಯೋ ಅಷ್ಟಕ್ಕೆ ಮಾತನ್ನು ಮಿತಗೊಳಿಸಿದ್ದಾರೆಯೇ? ಸೀಬರ್ ತಂಡದ ಶೀರ್ಷಿಕೆಯ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯಿದೆ. ಪ್ರಚೋದಿಸಿರಬಹುದು ಎಂಬ ಅವರ ಮಾತು, ‘ಸಿದ್ಧಪಡಿಸಿದ್ದಾರೆ’ ಎಂಬ ವಾಕ್ಯವಾಗಿ ಜನರ ಬಾಯಿಗೆ ಬರುವಷ್ಟರಲ್ಲಿ ಆ ಚಿಹ್ನೆ ಎಲ್ಲೋ ಬಿದ್ದುಹೋಗಿರುತ್ತದೆ. ಅದು ಎಲ್ಲಿ ಬಿದ್ದಿತು ಎಂದು ಹುಡುಕುವುದೇ ಒಲವಿನ ಪತ್ತೆ.

ಮೂರು ಭಾಷೆ, ಒಂದೇ ಮೂಲ

ಗಡಿಭಾಗದ ಶಿಕ್ಷಕರಿಗೆ ಇಲ್ಲಿ ವಿಶೇಷವಾದ ತೊಡಕೊಂದಿದೆ. ಅವರು ಕನ್ನಡ, ಮರಾಠಿ ಮತ್ತು ಇಂಗ್ಲಿಷ್ ಮೂರರಲ್ಲಿಯೂ ಓದುತ್ತಾರೆ. ಒಂದೇ ಮಾತು ಮೂರು ಭಾಷೆಗಳಲ್ಲಿ ಕಂಡಾಗ ಮೂವರು ಸಾಕ್ಷಿಗಳು ಒಪ್ಪಿದಂತೆ ತೋರುತ್ತದೆ. ಆದರೆ ಮರಾಠಿ ಬರಹ ಇಂಗ್ಲಿಷಿನಿಂದಲೂ, ಕನ್ನಡ ಬರಹ ಮರಾಠಿಯಿಂದಲೂ ಬಂದಿದ್ದರೆ ಸಾಕ್ಷಿ ಒಬ್ಬನೇ. ಇದನ್ನು ಗುರುತಿಸಲು ಸುಲಭವಾದ ಉಪಾಯವೆಂದರೆ ವಿಲಕ್ಷಣ ವಿವರಗಳನ್ನು ಹೋಲಿಸುವುದು. ಊರಿನ ಹೆಸರಿನ ಒಂದೇ ತಪ್ಪು ಕಾಗುಣಿತ, ಒಂದೇ ಅಸಾಮಾನ್ಯ ಅಂಕಿ, ಸಂಗತಿಗಳ ಒಂದೇ ಅನುಕ್ರಮ ಮೂರರಲ್ಲಿಯೂ ಇದ್ದರೆ ಮೂರೂ ಒಂದೇ ಮೂಲದವೆಂದು ಭಾವಿಸಬೇಕು. ಭಾರತದ ಊರಿನ ವಿಷಯದಲ್ಲಿ ಬರೆದ ಬರಹ ದಿನಾಂಕವನ್ನು ಸೆಪ್ಟೆಂಬರ್ 29 ಎಂದು ಕೊಟ್ಟಿದ್ದರೆ, ಅದು ಯಾವುದೋ ಅಂತರರಾಷ್ಟ್ರೀಯ ಪಟ್ಟಿಯಿಂದ ಇಳಿದು ಬಂದಿದೆ ಎಂಬ ಸುಳಿವು ಅಲ್ಲಿಯೇ ಇದೆ.

ಆಕರದ ಕಾಲವನ್ನೂ ಮರೆಯಬಾರದು. 1993ರಲ್ಲಿ ಜಾರಿಯಲ್ಲಿದ್ದ ಭಾರತೀಯ ಮಾನಕದ ಭೂಕಂಪ ನಕ್ಷೆಯು ಈ ಪ್ರದೇಶವನ್ನು ಅತ್ಯಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿ ಇರಿಸಿತ್ತು. ಕರ್ತೃತ್ವ, ಪರಿಶೀಲನೆ, ಪ್ರಕಟಣೆಯ ಸ್ಥಳ ಯಾವುದರಲ್ಲಿಯೂ ಆ ನಕ್ಷೆಗೆ ಕೊರತೆಯಿರಲಿಲ್ಲ. ಅಂದಿನವರೆಗೆ ತಿಳಿದಿದ್ದ ಮಾಹಿತಿಯೇ ಕಡಿಮೆಯಾಗಿತ್ತು. 2002ರ ಪರಿಷ್ಕರಣೆಯಲ್ಲಿ ಒಂದನೆಯ ವಲಯವನ್ನೇ ಕೈಬಿಟ್ಟು, ಕಿಲ್ಲಾರಿ ಪ್ರದೇಶವನ್ನು ಮೂರನೆಯ ವಲಯಕ್ಕೆ ಸೇರಿಸಲಾಯಿತು. ಹಳೆಯ ಪುಸ್ತಕದ ನಕ್ಷೆಯನ್ನು ನೋಡಿ ‘ನಮ್ಮಲ್ಲಿ ಭಯವಿಲ್ಲ’ ಎಂದು ಮನೆ ಕಟ್ಟುವವರು ಇಂದಿಗೂ ಇರಬಹುದು. ಆದುದರಿಂದ ಮಾನಕದ ಯಾವ ಆವೃತ್ತಿ, ಅದರ ನಂತರ ಪರಿಷ್ಕರಣೆ ಆಗಿದೆಯೇ ಎಂದು ಕೇಳುವುದು ಗ್ರಂಥಪಾಲನೆಯ ಶಿಷ್ಟಾಚಾರವಷ್ಟೇ ಅಲ್ಲ.

ನಿರ್ಣಯವನ್ನು ಬರೆಯುವ ರೀತಿ

ಇಷ್ಟೆಲ್ಲವನ್ನು ನೋಡಿದ ಮೇಲೆ ಅಣೆಕಟ್ಟಿನ ಪ್ರಶ್ನೆಗೆ ಇಯತ್ತೆ ಎಂಟು ಅಥವಾ ಒಂಬತ್ತರ ವಿದ್ಯಾರ್ಥಿ ಏನು ಬರೆಯಬೇಕು? ‘ಹೌದು’ ಅಥವಾ ‘ಅಲ್ಲ’ ಎಂದು ಬರೆಯಿಸುವುದು ಆಕರಗಳಿಗೆ ಮಾಡುವ ಅನ್ಯಾಯ. ‘ಗೊತ್ತಿಲ್ಲ’ ಎಂದು ಬರೆಯಿಸುವುದೂ ಅಷ್ಟೇ ಅನ್ಯಾಯ. ನಾಲ್ಕು ವಾಕ್ಯಗಳ ಉತ್ತರ ಸಾಕು:

‘ನೆಲದಾಳದ ಸ್ತರಭಂಗವೊಂದು ಜಾರಿದುದರಿಂದ ಭೂಕಂಪವಾಯಿತೆಂದು ತಜ್ಞರು ಒಪ್ಪುತ್ತಾರೆ. ಸಮೀಪದ ಜಲಾಶಯ ಅದನ್ನು ಪ್ರಚೋದಿಸಿರಬಹುದೆಂದು ಸೀಬರ್ ಮತ್ತು ಸಹಲೇಖಕರು 1996ರಲ್ಲಿ ಸೂಚಿಸಿದ್ದಾರೆ. ಜಲಾಶಯ ಕಾರಣವಲ್ಲವೆಂದು ರಸ್ತೋಗಿ 1994ರಲ್ಲಿ ವಾದಿಸಿದ್ದಾರೆ. ಆದುದರಿಂದ ಅಣೆಕಟ್ಟೇ ಕಾರಣವೆಂದು ಸಿದ್ಧವಾಗಿದೆ ಎನ್ನುವುದು ಸರಿಯಲ್ಲ.’

ಈ ಉತ್ತರದ ವಿವಾದಿತ ಮಾತುಗಳಿಗೆ ಒಡೆಯನಿದ್ದಾನೆ, ವರ್ಷವಿದೆ, ಮಿತಿಯಿದೆ. ಮೌಲ್ಯಮಾಪನದಲ್ಲಿ ಅಂಕಗಳನ್ನು ಕೊಡಬೇಕಾದುದು ಅದಕ್ಕೆ.

ವರ್ಗದಲ್ಲಿ ಅಭ್ಯಾಸ ಮಾಡಿಸುವಾಗ ಪ್ರತಿ ಗುಂಪಿಗೆ ಮೂರು ಆಕರಗಳನ್ನು ಕೊಡುವುದು ಅನುಕೂಲ: ಒಂದು ಪತ್ರಿಕಾ ವರದಿ, ಒಂದು ಸಂಸ್ಥೆಯ ಪ್ರಕಟಣೆ ಮತ್ತು ವಿದ್ಯಾರ್ಥಿಗಳೇ ಮನೆಯಲ್ಲಿ ಕೇಳಿ ಬರೆದುಕೊಂಡ ಒಂದು ಪ್ರತ್ಯಕ್ಷ ನಿರೂಪಣೆ. ಬಂಧುಗಳನ್ನು ಕಳೆದುಕೊಂಡ ಮನೆಗಳಲ್ಲಿ ಈ ನಿರೂಪಣೆಯನ್ನು ಒತ್ತಾಯಿಸಿ ಕೇಳಿಸಬಾರದು. ಪ್ರತಿಯೊಂದು ಆಕರದ ಎದುರಿಗೆ, ಬರೆದವರು ಯಾರು, ಬೇರೆ ಯಾರು ಪರಿಶೀಲಿಸಿದರು, ಎಲ್ಲಿ ಮತ್ತು ಯಾವಾಗ ಪ್ರಕಟವಾಯಿತು, ವಿರುದ್ಧ ಸಾಕ್ಷ್ಯದ ಬಗ್ಗೆ ಏನು ಹೇಳಿದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಲಿ. ಕೊನೆಗೆ ಐದನೆಯದೊಂದನ್ನು ಕೇಳಿರಿ: ಈ ಆಕರ ಯಾವ ಪ್ರಶ್ನೆಗೆ ಉತ್ತರ ಕೊಡಲಾರದು? ಪ್ರತ್ಯಕ್ಷ ನಿರೂಪಣೆಯ ಎದುರಿಗೆ ‘ಕಾರಣ’ ಎಂದೂ, ಸಂಶೋಧನ ಪ್ರಬಂಧದ ಎದುರಿಗೆ ‘ಆ ರಾತ್ರಿ ನಮ್ಮ ಓಣಿಯಲ್ಲಿ ಏನಾಯಿತು’ ಎಂದೂ ವಿದ್ಯಾರ್ಥಿ ತಾನಾಗಿಯೇ ಬರೆದರೆ ಪಾಠದ ಉದ್ದೇಶ ಈಡೇರಿದೆಯೆಂದು ತಿಳಿಯಬಹುದು.

ಕಲ್ಲುಮಣ್ಣಿನ ದಪ್ಪ ಗೋಡೆಗಳೂ, ಅವುಗಳ ಮೇಲಿನ ಭಾರವಾದ ಮಣ್ಣಿನ ಮಾಳಿಗೆಗಳೂ ಕುಸಿದುದರಿಂದಲೇ ಅಂದು ಅಷ್ಟೊಂದು ಜೀವಹಾನಿಯಾಯಿತು ಎಂಬುದನ್ನು ಜಲಾಶಯದ ವಿವಾದ ಅಲುಗಾಡಿಸುವುದಿಲ್ಲ. ಕಂಪನಕ್ಕೆ ನೀರು ನೆವವಾಗಿರಲಿ, ಇಲ್ಲದಿರಲಿ, ಗೋಡೆಗೆ ಬಂಧಕಪಟ್ಟಿ ಬೇಕೆಂಬ ಮಾತು ನಿಲ್ಲುತ್ತದೆ. ವಿವಾದಿತವಾದುದನ್ನು ವಿವಾದಿತವೆಂದೂ, ಸ್ಥಿರವಾದುದನ್ನು ಸ್ಥಿರವೆಂದೂ ಬೇರ್ಪಡಿಸಿ ಹೇಳಬಲ್ಲ ವಿದ್ಯಾರ್ಥಿ, ಮನೆ ಕಟ್ಟಿಸುವ ದಿನ ಬಂದಾಗ ಯಾವ ಮಾತನ್ನು ಕೇಳಬೇಕೆಂಬುದನ್ನು ತಾನೇ ನಿರ್ಧರಿಸಬಲ್ಲನು.